ರೆಕಾರ್ಡ್ ಆದ ಪಾಠದಿಂದ ಚಿಕ್ಕ ನೋಟ್ಸ್, ಅಂಚಿನಲ್ಲಿ ಪರೀಕ್ಷೆಯ ಪ್ರಶ್ನೆ: ನೀವು ಹೇಗೆ ಮಾಡ್ತೀರಿ?

ಕೇಳಿದವರು

ನಮ್ಮ ಅರ್ಥಶಾಸ್ತ್ರದ ಪಾಠಗಳ ರೆಕಾರ್ಡಿಂಗ್ ಇದೆ. ಜತೆಗೆ ತಾನಾಗಿ ಟೈಪ್ ಆದ ಪಠ್ಯವೂ ಸಿಗುತ್ತದೆ. ಒಂದು ಗಂಟೆಯ ಪಾಠಕ್ಕೆ ಇಪ್ಪತ್ತು ಪುಟ! ಅದನ್ನು ಎರಡು ಪುಟಕ್ಕೆ ಇಳಿಸಬೇಕು, ಪರೀಕ್ಷೆಗೆ ಬರುವಂಥ ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆದಿಡಬೇಕು. ಯಾವುದನ್ನು ಬಿಡೋದು, ಯಾವುದನ್ನು ಇಟ್ಟುಕೊಳ್ಳೋದು? ಮಾಡಿದವರು ಹೇಳಿ.

ಅರ್ಥಶಾಸ್ತ್ರ ಕಲಿಸುವವರು

ಮೊದಲು ಪೂರ್ತಿ ಪಠ್ಯವನ್ನು ಸಂಕ್ಷೇಪ ಮಾಡಿ, ಆಮೇಲೆ ಪ್ರಶ್ನೆ ಹುಡುಕುವುದು ಬಹಳ ಜನರ ಅಭ್ಯಾಸ. ನನ್ನ ಪ್ರಕಾರ ಇದನ್ನು ತಿರುಗಿಸಿ ಮಾಡಬೇಕು. ಪ್ರಶ್ನೆ ಮೊದಲು ಬರಲಿ, ನೋಟ್ಸ್ ಅದಕ್ಕೆ ಉತ್ತರವಾಗಿ ಬರಲಿ. ಆಗ ಯಾವುದನ್ನು ಬಿಡಬೇಕು ಅನ್ನೋದು ತಾನೇ ಗೊತ್ತಾಗುತ್ತದೆ. ಅಂಚಿನ ಪ್ರಶ್ನೆಗೆ ಉತ್ತರ ಕೊಡಲು ಬೇಕಿಲ್ಲದ ವಾಕ್ಯ ನೋಟ್ಸ್‌ನಲ್ಲಿ ಇರಬೇಕಾಗಿಲ್ಲ.

ಸುಮ್ನೆ ಹೇಳಿದರೆ ಸಾಲದು, ಒಂದು ತುಂಡು ತೆಗೆದುಕೊಳ್ಳೋಣ. ಬೇಡಿಕೆ ರೇಖೆಯ ಪಾಠ ಅಕ್ಷರಕ್ಕೆ ಇಳಿದಾಗ ಹೆಚ್ಚುಕಡಿಮೆ ಹೀಗಿರುತ್ತದೆ:

"ಈಗ ನೋಡಿ ಬೆಲೆ ಜಾಸ್ತಿ ಆಯ್ತು ಅಂದ್ರೆ ನಾವು ಇಲ್ಲಿಂದ ಇಲ್ಲಿಗೆ ಬರ್ತೀವಿ ಅಲ್ವಾ ರೇಖೆ ಅಲ್ಲೇ ಇದೆ ರೇಖೆ ಜರುಗಿದೆ ನಾವು ಜರುಗಿದ್ದು ಎಷ್ಟೋ ಜನ ಇಲ್ಲೇ ತಪ್ಪು ಮಾಡೋದು ಸರಿ ಈಗ ಆದಾಯ ಜಾಸ್ತಿ ಆಯ್ತು ಅನ್ಕೊಳ್ಳಿ ಬೆಲೆ ಅಷ್ಟೇ ಇದೆ ಆದ್ರೂ ಜನ ಜಾಸ್ತಿ ಕೊಳ್ತಾರೆ ಆಗ ಇಡೀ ರೇಖೆನೇ ಈ ಕಡೆ ಬರುತ್ತೆ ಎರಡೂ ಬೇರೆ ಬೇರೆ"

ಇದರಲ್ಲಿ ಮೂರು ಕಡೆ ನಿಲ್ಲಬೇಕು.

"ಇಲ್ಲಿಂದ ಇಲ್ಲಿಗೆ", "ಈ ಕಡೆ". ಮೇಷ್ಟ್ರು ಬೋರ್ಡಿನ ಮೇಲೆ ಬೆರಳಿಟ್ಟು ಹೇಳಿದ ಮಾತು ಇದು. ಕಾಗದದ ಮೇಲೆ ಇದಕ್ಕೆ ಅರ್ಥವೇ ಇಲ್ಲ. ಇಂಥ ಜಾಗದಲ್ಲಿ ವಿಡಿಯೋ ತೆರೆದು ಆ ಒಂದು ನಿಮಿಷ ನೋಡಲೇಬೇಕು. ಪರೀಕ್ಷೆಯಲ್ಲಿ ಚಿತ್ರ ಕೇಳುವುದೂ ಸಾಮಾನ್ಯವಾಗಿ ಇಂಥ ಜಾಗದಿಂದಲೇ.

ಎರಡನೆಯದು "ರೇಖೆ ಜರುಗಿದೆ". ಹಿಂದಿನ ಮಾತು "ರೇಖೆ ಅಲ್ಲೇ ಇದೆ", ಮುಂದಿನ ಮಾತು "ನಾವು ಜರುಗಿದ್ದು". ನಡುವೆ ಇದು ಹೊಂದುವುದಿಲ್ಲ. ಮೇಷ್ಟ್ರು ಹೇಳಿದ್ದು "ಜರುಗಿಲ್ಲ" ಅಂತ. ತಾನಾಗಿ ಟೈಪ್ ಆಗುವ ಪಠ್ಯ ಇಲ್ಲ, ಅಲ್ಲ, ಆಗಲ್ಲ ಇವುಗಳಲ್ಲಿ ಎಡವಬಹುದು. ಕನ್ನಡದಲ್ಲಿ ಆ ನಿರಾಕರಣೆ ಎಷ್ಟೋ ಸಲ ಕ್ರಿಯಾಪದದ ತುದಿಯಲ್ಲಿ ಅಂಟಿಕೊಂಡಿರುತ್ತದೆ. ಮಾತಿನ ವೇಗದಲ್ಲಿ ಆ ತುದಿಯೇ ಮಸುಕಾಗುವುದು. ಇದನ್ನು ಹಾಗೇ ನೋಟ್ಸ್‌ಗೆ ಇಳಿಸಿದರೆ ನೀವು ಕಲಿಯುವುದು ಸರಿಯಾಗಿ ಉಲ್ಟಾ. ಅಕ್ಕಪಕ್ಕದ ವಾಕ್ಯಕ್ಕೆ ಹೊಂದದ ಮಾತು ಕಂಡ ಕೂಡಲೇ ಧ್ವನಿ ಕೇಳಿ. ಅಂಕಿ ಬಂದ ಕಡೆಯೂ ಅಷ್ಟೇ, ಫಿಫ್ಟೀನ್ ಅಂದದ್ದು ಫಿಫ್ಟಿ ಆಗಿರಬಹುದು.

ಮೂರನೆಯದು "ಎಷ್ಟೋ ಜನ ಇಲ್ಲೇ ತಪ್ಪು ಮಾಡೋದು". ಉತ್ತರಪತ್ರಿಕೆ ತಿದ್ದುವವರ ಬಾಯಿಂದ ಬರುವ ಮಾತು ಇದು. ಈ ಮಾತು ಕಂಡರೆ ಅಂಚಿನಲ್ಲಿ ಒಂದು ಪ್ರಶ್ನೆ ಖಂಡಿತ ಬರೆಯಿರಿ.

ಈಗ ಅಂಚು. ಪುಟದ ಎಡಕ್ಕೆ ಸುಮಾರು ಮೂರರಲ್ಲಿ ಒಂದು ಪಾಲು ಖಾಲಿ ಬಿಡಿ. ಈ ತುಂಡಿಗೆ ನಾನು ಬರೆಯುವ ಪ್ರಶ್ನೆ ಎರಡು:

"ಬೆಲೆ ಏರಿದರೆ ಬೇಡಿಕೆ ರೇಖೆ ಜರುಗುತ್ತದೆಯೇ? ಯಾಕೆ?" ಇದು ಎರಡು ಅಂಕದ್ದು.

"ರೇಖೆಯ ಮೇಲಿನ ಚಲನೆಗೂ ರೇಖೆಯ ಪಲ್ಲಟಕ್ಕೂ ವ್ಯತ್ಯಾಸವನ್ನು ಚಿತ್ರದೊಂದಿಗೆ ತೋರಿಸಿ." ಇದು ಐದು ಅಂಕದ್ದು.

ಬಲಗಡೆಯ ನೋಟ್ಸ್ ಇಷ್ಟೇ:

"ವಸ್ತುವಿನ ಸ್ವಂತ ಬೆಲೆ ಬದಲಾದರೆ ಅದೇ ರೇಖೆಯ ಮೇಲೆ ಚಲನೆ. ಬೆಲೆ ಏರಿತು ಅಂದರೆ ಮೇಲಕ್ಕೆ, ಎಡಕ್ಕೆ. ರೇಖೆ ಜರುಗುವುದಿಲ್ಲ. ಆದಾಯ, ಅಭಿರುಚಿ, ಬದಲಿ ವಸ್ತುವಿನ ಬೆಲೆ ಬದಲಾದರೆ ಪಲ್ಲಟ. ಆದಾಯ ಏರಿತು ಅಂದರೆ ಇಡೀ ರೇಖೆ ಬಲಕ್ಕೆ." ಕೆಳಗೆ ಎರಡು ಪುಟ್ಟ ಚಿತ್ರ.

ಇಲ್ಲಿ ಅಭಿರುಚಿ, ಬದಲಿ ವಸ್ತು ಎರಡೂ ಪಾಠದಲ್ಲಿ ಮುಂದೆ ಬೇರೆ ಕಡೆ ಬಂದದ್ದು. ಒಂದೇ ಪ್ರಶ್ನೆಯ ಉತ್ತರ ಪಾಠದ ಉದ್ದಕ್ಕೂ ಚದುರಿರುತ್ತದೆ. ಪಠ್ಯದ ಕ್ರಮದಲ್ಲೇ ನೋಟ್ಸ್ ಬರೆದರೆ ಅದು ನಾಲ್ಕು ಕಡೆ ಉಳಿಯುತ್ತದೆ. ಪ್ರಶ್ನೆಯಿಂದ ಹೊರಟರೆ ಒಂದೇ ಕಡೆ ಸೇರುತ್ತದೆ.

ಕೊನೆಗೆ ಬಲಭಾಗ ಮುಚ್ಚಿ, ಅಂಚಿನ ಪ್ರಶ್ನೆ ಓದಿ ಉತ್ತರ ಹೇಳಿ. ಹೇಳಲಾಗದಿದ್ದರೆ, ನಿಮಗೆ ಬರುತ್ತಿಲ್ಲವೋ ನೋಟ್ಸ್‌ನಲ್ಲೇ ಉತ್ತರ ಇಲ್ಲವೋ ಅಂತ ತೆರೆದು ನೋಡಿ. ಎರಡನೆಯದಾದರೆ ಪಠ್ಯಕ್ಕೆ ವಾಪಸ್ ಹೋಗಬೇಕು.

ಕಮಾಂಡ್ ಲೈನ್ ಪ್ರಿಯರು

ಪಠ್ಯ ಸಬ್‌ಟೈಟಲ್ ಕಡತವಾಗಿ ಸಿಕ್ಕಿದ್ದರೆ ಮೊದಲು ಕಸ ತೆಗೆಯಿರಿ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ, ಒಂದು ಸಮಯ, ಆಮೇಲೆ ನಾಲ್ಕು ಪದ. ಇಪ್ಪತ್ತು ಪುಟ ಆಗಿರುವುದಕ್ಕೆ ಅದೂ ಕಾರಣ ಇರಬಹುದು.

```
grep -v -e '-->' -e '^[0-9]*$' lecture.srt > lecture.txt
```

ಸಮಯದ ಸಾಲು, ಸಂಖ್ಯೆಯ ಸಾಲು, ಖಾಲಿ ಸಾಲು ಎಲ್ಲ ಹೋಗುತ್ತದೆ. ಓದಲು ಹಾಯಾಗಿರುತ್ತೆ.

ಅರ್ಥಶಾಸ್ತ್ರ ಕಲಿಸುವವರು

ಕಸ ತೆಗೆಯುವುದು ಸರಿ, ಆದರೆ ಮೂಲ ಕಡತವನ್ನು ಅಳಿಸಬೇಡಿ. ಸಮಯ ಹೋದರೆ "ಇಲ್ಲಿಂದ ಇಲ್ಲಿಗೆ" ಅಂದ ಜಾಗವನ್ನು ವಿಡಿಯೋದಲ್ಲಿ ಹುಡುಕುವುದು ಹೇಗೆ? ನೋಟ್ಸ್‌ನ ಪ್ರತಿ ತುಂಡಿನ ಪಕ್ಕದಲ್ಲಿ 23:40 ಅಂತ ಒಂದು ಸಮಯ ಇದ್ದರೆ ಅನುಮಾನ ಬಂದಾಗ ನೇರ ಅಲ್ಲಿಗೇ ಹೋಗಬಹುದು. ಇನ್ನೊಂದು ಮಾತು. ಆ ಕಮಾಂಡ್ ಬರೀ ಅಂಕಿ ಇರುವ ಸಾಲನ್ನೆಲ್ಲ ತೆಗೆಯುತ್ತದೆ. ಪಾಠದ ಒಂದು ಅಂಕಿಯೇ ಒಂಟಿಯಾಗಿ ಒಂದು ಸಾಲಿನಲ್ಲಿ ಬಿದ್ದಿದ್ದರೆ ಅದೂ ಹೋಗುತ್ತದೆ.

ಕಮಾಂಡ್ ಲೈನ್ ಪ್ರಿಯರು

ಹೌದು ಸರ್, ಅದು ನಿಜ. ಲೆಕ್ಕ ಇರುವ ಪಾಠಕ್ಕೆ ಇದನ್ನು ಬಳಸಬೇಡಿ.

ಬಿ.ಕಾಂ ಕೊನೆ ವರ್ಷ

ನನ್ನದು ಸುಲಭದ ದಾರಿ. ಮೇಷ್ಟ್ರು ಯಾವುದನ್ನು ಜಾಸ್ತಿ ಸಲ ಹೇಳ್ತಾರೋ ಅದೇ ಪರೀಕ್ಷೆಗೆ ಬರೋದು. ಪಠ್ಯದಲ್ಲಿ ಪದ ಹುಡುಕಿ ಎಷ್ಟು ಸಲ ಬಂದಿದೆ ನೋಡ್ತೀನಿ. ಜಾಸ್ತಿ ಬಂದದ್ದಕ್ಕೆ ಅಂಚಿನಲ್ಲಿ ಚುಕ್ಕಿ.

ಕಾನೂನು ಓದುತ್ತಿರುವವರು

ಇದು ಅರ್ಧ ಸರಿ ಅನ್ನಿಸುತ್ತೆ. ಬೇಡಿಕೆಯ ಪಾಠದಲ್ಲಿ "ಬೇಡಿಕೆ" ಅನ್ನೋ ಪದ ಎಲ್ಲದಕ್ಕಿಂತ ಜಾಸ್ತಿ ಬಂದೇ ಬರುತ್ತೆ, ಅದರಿಂದ ಏನೂ ತಿಳಿಯಲ್ಲ. ಒಂದೇ ಮಾತನ್ನು ಬೆನ್ನುಬೆನ್ನಿಗೆ ಮೂರು ಸಲ ಹೇಳಿದರೆ ಯಾರೋ ತಡವಾಗಿ ಒಳಗೆ ಬಂದಿರಬಹುದು, ಇಲ್ಲ ಯಾರಿಗೋ ಅರ್ಥ ಆಗಿರಲಿಕ್ಕಿಲ್ಲ. ಆದರೆ ಹತ್ತನೇ ನಿಮಿಷದಲ್ಲಿ ಹೇಳಿದ್ದನ್ನು ನಲವತ್ತನೇ ನಿಮಿಷದಲ್ಲಿ ಮತ್ತೆ ಎತ್ತಿದರೆ ಅದಕ್ಕೆ ಬೆಲೆ ಇದೆ. ಎರಡು ವಿಷಯವನ್ನು ಅವರೇ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಇನ್ನೂ ಜಾಸ್ತಿ. ವ್ಯತ್ಯಾಸ ಬರೆಯಿರಿ ಅನ್ನೋ ಪ್ರಶ್ನೆ ಅಲ್ಲೇ ಸಿದ್ಧವಾಗಿರುತ್ತೆ.

ನಾನು ಅಂಚಿನ ಪ್ರಶ್ನೆ ಪಕ್ಕದಲ್ಲಿ ಒಂದು ಅಕ್ಷರ ಹಾಕ್ತೀನಿ. ಪಾಠದಲ್ಲಿ ಬಾಯಿಬಿಟ್ಟು ಸೂಚಿಸಿದ್ದಕ್ಕೆ "ಪಾ", ಹಳೆ ಪ್ರಶ್ನೆಪತ್ರಿಕೆಯಲ್ಲಿ ಬಂದದ್ದಕ್ಕೆ "ಹ", ಬರೀ ನನ್ನ ಊಹೆ ಆದರೆ "ಊ". ಪರೀಕ್ಷೆಯ ಹಿಂದಿನ ದಿನ ಸಮಯ ಇಲ್ಲದಿದ್ದರೆ ಊ ಇರುವುದನ್ನು ಬಿಟ್ಟು ಓದ್ತೀನಿ. ಪುಟದಲ್ಲಿ ಎಲ್ಲಾ ಊ ಆಗಿದ್ದರೆ ನಾನು ಪಾಠದಿಂದ ಪ್ರಶ್ನೆ ತೆಗೆದಿಲ್ಲ, ನನಗೆ ಇಷ್ಟ ಆದದ್ದಕ್ಕೆ ಪ್ರಶ್ನೆ ಕಟ್ಟಿದ್ದೀನಿ ಅಂತ ಗೊತ್ತಾಗುತ್ತೆ.

ನರ್ಸಿಂಗ್ ಓದಿದವರು

ನಾನು ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡುವಾಗ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದೆ. ಹಿಂದೆ ಕೂತರೆ ಫ್ಯಾನಿನ ಸದ್ದೇ ಜೋರು. ಫೋನನ್ನು ಮೇಜಿನ ಮೇಲೆ ನೇರ ಇಡದೆ ಕರ್ಚೀಫಿನ ಮೇಲಿಡಿ, ಪೆನ್ನು ಬಿದ್ದ ಸದ್ದು ಸೇರಲ್ಲ.

ಕೇಳಿದವರು

ಅಕ್ಕಾ, ರೆಕಾರ್ಡಿಂಗ್ ಕಾಲೇಜಿನವರೇ ಕೊಡ್ತಾರೆ, ಅದು ಚೆನ್ನಾಗೇ ಇದೆ. ಆದರೂ ಥ್ಯಾಂಕ್ಸ್.

ಸರ್, ನೀವು ಹೇಳಿದ ಹಾಗೆ ಬೇಡಿಕೆಯ ಪಾಠಕ್ಕೆ ಮಾಡಿ ನೋಡಿದೆ. "ಆದಾಯ ಏರಿತು ಅಂದರೆ ರೇಖೆ ಬಲಕ್ಕೆ" ಅನ್ನೋ ಕಡೆ ಸಿಕ್ಕಿಹಾಕಿಕೊಂಡೆ. ಪುಸ್ತಕದಲ್ಲಿ ಕೆಳದರ್ಜೆಯ ಸರಕಿಗೆ ಎಡಕ್ಕೆ ಅಂತ ಇದೆ. ನಮ್ಮ ಪಾಠದಲ್ಲಿ ಅದರ ಮಾತೇ ಇಲ್ಲ. ನೋಟ್ಸ್‌ನಲ್ಲಿ ಸೇರಿಸಲಾ?

ಅರ್ಥಶಾಸ್ತ್ರ ಕಲಿಸುವವರು

ಪುಸ್ತಕ ಹೇಳಿದ್ದು ಸರಿ. ಆದಾಯ ಹೆಚ್ಚಾದಾಗ ಜನ ಕೆಳದರ್ಜೆಯ ಸರಕನ್ನು ಬಿಟ್ಟು ಉತ್ತಮವಾದದ್ದಕ್ಕೆ ಹೋಗುತ್ತಾರೆ, ಆದ್ದರಿಂದ ಅದರ ಬೇಡಿಕೆ ರೇಖೆ ಎಡಕ್ಕೆ ಜರುಗುತ್ತದೆ. ಮೇಲೆ ನಾನು ಬರೆದ ಸಾಲು ಸಾಮಾನ್ಯ ಸರಕಿಗೆ ಮಾತ್ರ ಹೊಂದುತ್ತದೆ. ಖಂಡಿತ ಸೇರಿಸಿ, ಆದರೆ ಬೇರೆ ಬಣ್ಣದ ಪೆನ್ನಿನಲ್ಲಿ. ಯಾವುದು ಪಾಠದಿಂದ ಬಂತು, ಯಾವುದು ಪುಸ್ತಕದಿಂದ ಬಂತು ಅನ್ನೋದು ಬೆರೆಯಬಾರದು. ಅಂಚಿನಲ್ಲೂ ಇದಕ್ಕೊಂದು ಬಿಗಿಯಾದ ಪ್ರಶ್ನೆ ಬರೆಯಿರಿ: "ಸಾಮಾನ್ಯ ಸರಕಿನ ಬೇಡಿಕೆ ರೇಖೆ ಆದಾಯ ಏರಿದಾಗ ಎತ್ತ ಜರುಗುತ್ತದೆ?" ಪ್ರಶ್ನೆ ಬಿಗಿಯಾದಷ್ಟೂ ಉತ್ತರ ಚಿಕ್ಕದಾಗುತ್ತದೆ.

ಕಾನೂನು ಓದುತ್ತಿರುವವರು

ಒಂದು ಅನುಮಾನ ಸರ್. ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ತೆಗೆಯುವಾಗ ಇದೆಲ್ಲ ಸರಿ. ನಮ್ಮಲ್ಲಿ ಪತ್ರಿಕೆ ಹೊರಗಿನವರು ತೆಗೀತಾರೆ. ಪಾಠದಲ್ಲಿ "ಇದು ಮುಖ್ಯ" ಅಂದದ್ದು ಅವರಿಗೆ ಗೊತ್ತೇ ಇರಲ್ಲ ಅಲ್ವಾ?

ಅರ್ಥಶಾಸ್ತ್ರ ಕಲಿಸುವವರು

ಆಗ ನಿಮ್ಮ ಅಕ್ಷರಗಳ ತೂಕ ಬದಲಾಗುತ್ತದೆ. "ಹ" ಮೇಲಕ್ಕೆ ಹೋಗುತ್ತದೆ, "ಪಾ" ಕೆಳಕ್ಕೆ ಬರುತ್ತದೆ. ಪಾಠದ ಪಠ್ಯ ತೆರೆಯುವ ಮುಂಚೆ ಪಠ್ಯಕ್ರಮದಲ್ಲಿ ಆ ಅಧ್ಯಾಯದ ಕೆಳಗೆ ಏನೇನಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಅದರಲ್ಲಿ ಪಾಠ ಮುಟ್ಟದೇ ಬಿಟ್ಟದ್ದಕ್ಕೆ ಅಂಚಿನಲ್ಲಿ ಖಾಲಿ ಪ್ರಶ್ನೆ ಬರೆಯಿರಿ. ಬಲಭಾಗ ಪುಸ್ತಕದಿಂದ ತುಂಬಲಿ. ಆಂತರಿಕ ಪರೀಕ್ಷೆಗೆ ಮಾತ್ರ "ಪಾ" ಮೊದಲು.

ಬಿ.ಕಾಂ ಕೊನೆ ವರ್ಷ

ನನಗೆ ಇನ್ನೂ ಒಪ್ಪಿಗೆ ಇಲ್ಲ. ಪ್ರಶ್ನೆ ಮೊದಲು ಅಂದ್ರೆ, ಪ್ರಶ್ನೆ ಆಗದೇ ಇರೋ ವಿಷಯ ಪೂರ್ತಿ ಬಿಟ್ಟೇ ಹೋಗುತ್ತೆ. ಮುಂದಿನ ಪಾಠ ಅರ್ಥ ಆಗೋಕೆ ಅದೇ ಬೇಕಾಗಿರುತ್ತೆ ಕೆಲವು ಸಲ.

ಕಾನೂನು ಓದುತ್ತಿರುವವರು

ಅದು ನನಗೂ ಆಗುತ್ತೆ. ಅದಕ್ಕೆ ಪುಟದ ಕೆಳಗೆ ಎರಡು ಸಾಲು ಜಾಗ ಬಿಟ್ಟು "ಮುಂದಕ್ಕೆ ಬೇಕು" ಅಂತ ಬರೀತೀನಿ. ಆದರೆ ಅದು ಎರಡು ಸಾಲಿನಲ್ಲಿ ನಿಲ್ಲಲ್ಲ, ಬೆಳೀತಾನೇ ಹೋಗುತ್ತೆ.

ಕೇಳಿದವರು

ನಾನು ಸದ್ಯಕ್ಕೆ ಒಂದು ಅಧ್ಯಾಯಕ್ಕೆ ಪ್ರಶ್ನೆ ಮೊದಲು, ಇನ್ನೊಂದಕ್ಕೆ ನೋಟ್ಸ್ ಮೊದಲು ಮಾಡಿ ನೋಡ್ತೀನಿ. ಎರಡನ್ನೂ ಬಲಭಾಗ ಮುಚ್ಚಿ ಪರೀಕ್ಷಿಸಿ ಹೇಳ್ತೀನಿ. ಪೂರೈಕೆಯ ಪಾಠದಲ್ಲೂ ಅದೇ "ಇಲ್ಲಿಂದ ಇಲ್ಲಿಗೆ" ಬಹಳ ಇದೆ, ವಿಡಿಯೋ ತೆರೆದು ಅದನ್ನೇ ಮೊದಲು ಮುಗಿಸ್ತೀನಿ.