ಪದಚರ್ಚೆ: ಕ್ರೆಡಿಟ್ ನೋಟ್‌ಗೆ "ಜಮಾ ಚೀಟಿ" ಅಂದ್ರೆ ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ನಮ್ಮ ಅಂಗಡಿಗೆ 40 ಫ್ಯಾನ್ ತರಿಸಿದ್ವಿ, ಅದರಲ್ಲಿ 6 ತಿರುಗ್ತಾನೇ ಇರಲಿಲ್ಲ, ಮೇ ಕೊನೇಲಿ ವಾಪಸ್ ಕಳಿಸಿದ್ವಿ, ಅಷ್ಟರಲ್ಲಿ ಮಾರಿದವರು ಏಪ್ರಿಲ್ ಮಾರಾಟದ ಜಿಎಸ್‌ಟಿ ರಿಟರ್ನ್, GSTR-1, ಫೈಲ್ ಮಾಡಿ ಆಗಿತ್ತು. ನಾನು ಕನ್ನಡದಲ್ಲೇ ಪತ್ರ ಬರೆದೆ: "6 ಫ್ಯಾನಿನ ಬಿಲ್ ರದ್ದು ಮಾಡಿ, ಮೊತ್ತ ಜಮಾ ಮಾಡಿ." ಅವರು ಫೋನ್ ಮಾಡಿ, ಫೈಲ್ ಆದ ಬಿಲ್ ರದ್ದು ಮಾಡಕ್ಕಾಗಲ್ಲ, ನೀವಿನ್ನೂ ದುಡ್ಡೇ ಕೊಟ್ಟಿಲ್ಲ, ಬ್ಯಾಂಕಿಗೆ ಏನು ಜಮಾ ಮಾಡ್ಲಿ ಅಂದ್ರು. ನಾನು ಕೇಳಿದ್ದು ಕ್ರೆಡಿಟ್ ನೋಟ್. ಅದನ್ನ ಕನ್ನಡದಲ್ಲಿ ಹೇಗೆ ಕೇಳೋದು?

ಉತ್ತರ:
ಬಟ್ಟೆ ಅಂಗಡೀಲಿ ಸೀರೆ ವಾಪಸ್ ಮಾಡಿದಾಗ ನಂಗೂ ಕ್ರೆಡಿಟ್ ನೋಟ್ ಕೊಟ್ಟಿದ್ರು, ಮೂರು ತಿಂಗಳೊಳಗೆ ಬೇರೆ ಏನಾದ್ರೂ ತಗೊಳ್ಳಿ ಅಂತ. "ಬದಲಿ ಚೀಟಿ" ಅನ್ನಿ, ಎಲ್ಲರಿಗೂ ಅರ್ಥ ಆಗುತ್ತೆ.

ಉತ್ತರ:
ಅವರನ್ನ ಯಾಕೆ ಕೇಳ್ಬೇಕು? ನಿಮ್ಮ ಬಾಕಿಯಲ್ಲಿ ಇಷ್ಟು ಕಳೆದಿದೀವಿ ಅಂತ ನೀವೇ ಡೆಬಿಟ್ ನೋಟ್ ಹಾಕಿ ಮಾಲಿನ ಜೊತೆ ಕಳಿಸಿದ್ರೆ ಮುಗೀತು, ನಾವು ಹಾಗೇ ಮಾಡೋದು.

ಉತ್ತರ:
ಇಪ್ಪತ್ತು ವರ್ಷದಿಂದ ಲೆಕ್ಕ ಬರೀತಿದೀನಿ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ನಿಮ್ಮ ಡೆಬಿಟ್ ನೋಟ್ ನಿಮ್ಮ ಪುಸ್ತಕಕ್ಕೆ ಸರಿ, ಮಾಲು ಯಾಕೆ ವಾಪಸ್ ಬಂತು ಅಂತ ಅವರಿಗೂ ಗೊತ್ತಾಗುತ್ತೆ. ಆದ್ರೆ ಜಿಎಸ್‌ಟಿಯಲ್ಲಿ ಮಾರಿದವರ ತೆರಿಗೆ ಇಳಿಯೋದು ಅವರೇ ಕೊಡೋ ಕ್ರೆಡಿಟ್ ನೋಟ್‌ನಿಂದ. ಹಳೇ ಬಿಲ್ ಹಾಗೇ ಇರುತ್ತೆ, ನೋಟ್‌ಗೆ ಬೇರೆ ನಂಬರ್, ಬೇರೆ ತಾರೀಕು, ಅದು ಕೊಟ್ಟ ತಿಂಗಳಿನ GSTR-1ನಲ್ಲಿ ಬರುತ್ತೆ. ಅದಕ್ಕೇ "ರದ್ದು" ತಪ್ಪು ಪದ. ಫ್ಯಾನ್ ಒಂದಕ್ಕೆ 1,500 ಅಂದ್ಕೊಳ್ಳಿ, ಆರಕ್ಕೆ 9,000, ಶೇ 18 ತೆರಿಗೆ 1,620, ನೋಟ್ 10,620ಕ್ಕೆ ಬರಬೇಕು. ಬರೀ 9,000ಕ್ಕೆ ಬಂದ್ರೆ ತೆರಿಗೆ ಬಿಟ್ಟಿದಾರೆ ಅಂತ. ನೀವೂ ಆ 1,620ನ್ನ ನಿಮ್ಮ ತೆರಿಗೆಯಲ್ಲಿ ಕಳೆಯೋಕೆ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ರೆ ವಾಪಸ್ ತಿರುಗಿಸ್ಬೇಕು, ಇಲ್ದಿದ್ರೆ ಅವರು ತೆರಿಗೆ ಇಳಿಸಿಕೊಳ್ಳೋ ಹಾಗಿಲ್ಲ. ಪತ್ರದಲ್ಲಿ ಅದನ್ನ ಒಂದು ಸಾಲು ಬರೆದ್ರೆ ಅವರು ಹಿಂದೆ ಮುಂದೆ ನೋಡಲ್ಲ. ತೀರಾ ತಡ ಮಾಡ್ಬೇಡಿ, ಬಿಲ್ಲಿನ ಹಣಕಾಸು ವರ್ಷ ಮುಗಿದ ಮೇಲೆ ಬರೋ ನವೆಂಬರ್ 30, ಇಲ್ಲಾ ಅವರು ವಾರ್ಷಿಕ ರಿಟರ್ನ್ ಹಾಕೋ ದಿನ, ಯಾವುದು ಮೊದಲೋ ಅದರೊಳಗೆ ತೋರಿಸ್ಬೇಕು.

ಪದಕ್ಕೆ ಬಂದ್ರೆ, ಸೀರೆ ಅಂಗಡಿ ಚೀಟಿ ಬೇರೆ, ಅಲ್ಲಿ ಮುಂದಿನ ಖರೀದಿಗೆ ಕೊಡೋದು, ಇಲ್ಲಿ ಹಿಂದಿನ ಬಿಲ್ಲಿನ ಬಾಕಿ ಇಳಿಸೋದು. "ಜಮಾ" ಲೆಕ್ಕದ ಪುಸ್ತಕದಲ್ಲಿ ಸರಿಯಾದ ಪದವೇ, ಆದ್ರೆ ಈಗ ಜನ ಅದನ್ನ ಕೇಳಿದ್ರೆ ಬ್ಯಾಂಕ್ ಅಂದ್ಕೋತಾರೆ. ನಾನಾದ್ರೆ ಹೀಗೆ ಬರೀತೀನಿ: "ಈ ನಂಬರಿನ ಬಿಲ್ಲಿನಲ್ಲಿ ವಾಪಸ್ ಬಂದ 6 ಫ್ಯಾನಿಗೆ ತೆರಿಗೆ ಸೇರಿಸಿ ಕ್ರೆಡಿಟ್ ನೋಟ್ ಕೊಡಿ, ನಮ್ಮ ಬಾಕಿಯಲ್ಲಿ ಕಳೆಯಿರಿ."

ಮೊದಲು ಕೇಳಿದವರಿಂದ:
ಈ ಸಾಲನ್ನೇ ಕಳಿಸ್ತೀನಿ ಸರ್, ಬಿಲ್ ನಂಬರೂ ಹಾಕ್ತೀನಿ. ಆದ್ರೆ "ಜಮಾ ಚೀಟಿ" ಬಿಡೋಕೆ ಮನಸ್ಸಿಲ್ಲ, ನಮ್ಮ ತಂದೆಯವರ ಹಳೇ ಖಾತೆ ಪುಸ್ತಕದಲ್ಲಿ "ಮಾಲು ವಾಪಸ್, ಜಮಾ" ಅಂತಲೇ ಇದೆ. ಬೇರೆಯವರು ಅಂಗಡೀಲಿ ಏನಂತೀರಿ?