ರೂಬ್ರಿಕ್‌ನಲ್ಲಿ ಅಂದದ ಬರಹಕ್ಕೇ ಅಂಕ ಹೋಗ್ತಿದೆ, ಹೇಗೆ ಸರಿ ಮಾಡೋದು?

ಕೇಳಿದವರು (7ನೇ ತರಗತಿ ವಿಜ್ಞಾನ): ಮಣ್ಣಿನಲ್ಲಿ ನೀರು ಎಷ್ಟು ವೇಗವಾಗಿ ಇಂಗುತ್ತದೆ ಅನ್ನೋ ಚಟುವಟಿಕೆಗೆ 20 ಅಂಕದ ರೂಬ್ರಿಕ್ ಮಾಡಿದ್ದೇನೆ. ಅಚ್ಚುಕಟ್ಟು 5, ಪ್ರಸ್ತುತಿ 5, ಭಾಷೆಯ ಸ್ಪಷ್ಟತೆ 4, ವಿಷಯ ತಿಳಿವಳಿಕೆ 4, ಅಳತೆ ಮತ್ತು ತೀರ್ಮಾನ 2. ಹಂತಗಳು ಅತ್ಯುತ್ತಮ, ಉತ್ತಮ, ಸಾಧಾರಣ. ಅಂಕ ಕೂಡಿಸಿದಾಗ ಏನೋ ತಪ್ಪಿದೆ ಅನ್ನಿಸ್ತಿದೆ. ನೀವು ಹೇಗೆ ಪರಿಶೀಲಿಸ್ತೀರಿ?

ಹೈಸ್ಕೂಲಿನ ಹಿರಿಯ ಶಿಕ್ಷಕಿ: ಸರ್, ಹಳೆಯ ಎರಡು ವರದಿ ತೆಗೆದುಕೊಂಡು ಕೂತರೆ ತಪ್ಪು ತಾನಾಗಿ ಕಾಣುತ್ತೆ. ನನಗೂ ಹಾಗೇ ಕಂಡಿದ್ದು. ಒಬ್ಬ ಹುಡುಗ ಪೈಪನ್ನು ನೆಲಕ್ಕೆ ಒತ್ತಿ 200 ಮಿಲಿಲೀಟರ್ ನೀರು ಸುರಿದಿದ್ದ. ಶಾಲೆ ಮೈದಾನದಲ್ಲಿ ಇಂಗಲು 40 ನಿಮಿಷ, ತೋಟದಲ್ಲಿ 10 ನಿಮಿಷ. ನಿಮಿಷಕ್ಕೆ 5 ಮತ್ತು 20 ಮಿಲಿಲೀಟರ್ ಅಂತ ಲೆಕ್ಕವನ್ನೂ ಸರಿಯಾಗಿ ಮಾಡಿದ್ದ. ಆದರೆ ಅಕ್ಷರ ಸೊಟ್ಟ, ಹಾಳೆ ಮಣ್ಣು ಮಣ್ಣು. ನಿಮ್ಮ ಪಟ್ಟಿಯಲ್ಲಿ ಅವನಿಗೆ 2, 2, 2, 3, 2, ಒಟ್ಟು 11. ಇನ್ನೊಬ್ಬಳು ಪಾಠವನ್ನೇ ಚಂದವಾಗಿ ನಕಲು ಮಾಡಿದ್ದಳು, ಅಳೆದೇ ಇಲ್ಲ. ಅವಳಿಗೆ 5, 5, 4, 3, 0, ಒಟ್ಟು 17.

ಆ ಹುಡುಗನ ಸೊಟ್ಟ ಅಕ್ಷರ ಮೂರು ಕಡೆ ಅಂಕ ಕಿತ್ತುಕೊಂಡಿದೆ, ನೋಡಿ. ತಪ್ಪು ಒಂದೇ, ಶಿಕ್ಷೆ ಮೂರು ಸಲ. ಹಾಗಾಗಿ ಯಾವುದಾದರೂ ಒಂದು ತಪ್ಪು ಇಟ್ಟುಕೊಂಡು, ಅದಕ್ಕೆ ಎಷ್ಟು ಸಾಲಿನಲ್ಲಿ ಅಂಕ ಹೋಗುತ್ತೆ ಅಂತ ಎಣಿಸಿ.

ಇನ್ನೊಬ್ಬ ಮೇಷ್ಟ್ರು: ಇನ್ನೂ ಸುಲಭ ದಾರಿ ಇದೆ. ಎಕ್ಸೆಲ್‌ನಲ್ಲಿ ಹಾಕಿ. ಎರಡು ಕಾಲಂನ ಅಂಕ ಒಟ್ಟಿಗೇ ಏರಿಳಿದರೆ ಅವು ಒಂದೇ, ಸೇರಿಸಿಬಿಡಿ.

ಹಿರಿಯ ಶಿಕ್ಷಕಿ: ಅದು ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು ಸರ್. ಚೆನ್ನಾಗಿ ಅಳೆಯುವ ಮಕ್ಕಳು ಸಾಮಾನ್ಯವಾಗಿ ತೀರ್ಮಾನವನ್ನೂ ಚೆನ್ನಾಗಿ ಬರೀತಾರೆ. ಹಾಗಂತ ಎರಡೂ ಒಂದೇ ಕೌಶಲ ಅಲ್ವಲ್ಲ. ಒಂದರಲ್ಲಿ ಪೂರ್ತಿ ಅಂಕ, ಇನ್ನೊಂದರಲ್ಲಿ ಸೊನ್ನೆ ಬರುವಂಥ ವರದಿ ಇರೋಕೆ ಸಾಧ್ಯವಾ ಅಂತ ಯೋಚಿಸಿ. ಸರಿಯಾಗಿ ಅಳೆದು ತಪ್ಪು ತೀರ್ಮಾನ ಬರೆದವರು ಸಿಗ್ತಾರೆ. ಅಚ್ಚುಕಟ್ಟು ಪೂರ್ತಿ, ಪ್ರಸ್ತುತಿ ಸೊನ್ನೆ ಅನ್ನುವ ವರದಿ ನನಗಂತೂ ಸಿಕ್ಕಿಲ್ಲ.

ಒಬ್ಬ ತಾಯಿ: ನನ್ನ ಮಗಳಿಗೆ ಥರ್ಮಾಕೋಲ್ ಮಾದರಿ ತರಲಿಲ್ಲ ಅಂತ ಅಂಕ ಕಡಿಮೆ ಕೊಟ್ಟರು. ನಮ್ಮ ಮನೇಲಿ ಅಷ್ಟು ಖರ್ಚು ಮಾಡೋಕೆ ಆಗಲ್ಲ. ಅದೂ ಇದಕ್ಕೇ ಸೇರುತ್ತಾ?

ಹಿರಿಯ ಶಿಕ್ಷಕಿ: ಖಂಡಿತ ಸೇರುತ್ತೆ ಅಮ್ಮ. ಪ್ರಸ್ತುತಿ ಅನ್ನೋ ಸಾಲು ಎಷ್ಟೋ ಸಲ ಮನೆಯವರ ದುಡ್ಡನ್ನೂ ಬಿಡುವನ್ನೂ ಅಳೀತಾ ಇರುತ್ತೆ.

ಈಗ ಹಂತಗಳ ಮಾತು. "ಉತ್ತಮ" ಅಂದರೆ ಏನು ಅಂತ ನಾನು ನಮ್ಮ ಸಹೋದ್ಯೋಗಿ ಜೊತೆ ಪರೀಕ್ಷಿಸಿದೆ. ಆರು ವರದಿಗಳನ್ನು ಇಬ್ಬರೂ ಮಾತಾಡದೆ ತಿದ್ದಿದೆವು. ತೀರ್ಮಾನದ ಸಾಲಿನಲ್ಲೇ ಜಾಸ್ತಿ ವ್ಯತ್ಯಾಸ ಬಂತು. ಆಮೇಲೆ ಕಣ್ಣಿಗೆ ಕಾಣುವ ಹಾಗೆ ಬರೆದೆವು. ಕೆಳಗಿನ ಹಂತ: ಯಾವ ಮಣ್ಣಿನಲ್ಲಿ ಬೇಗ ಇಂಗಿತು ಅಂತ ಮಾತ್ರ ಹೇಳಿದ್ದಾನೆ. ಮಧ್ಯದ್ದು: ತನ್ನದೇ ಅಳತೆ ತೋರಿಸಿ ಹೇಳಿದ್ದಾನೆ. ಮೇಲಿನದು: ಅಳತೆ ಎಲ್ಲಿ ತಪ್ಪಿರಬಹುದು ಅಂತಲೂ ಬರೆದಿದ್ದಾನೆ, ಉದಾಹರಣೆಗೆ ನೆಲ ಮೊದಲೇ ಒದ್ದೆ ಇತ್ತು, ಪೈಪಿನ ಬುಡದಲ್ಲಿ ನೀರು ಸೋರಿತು.

ಇನ್ನೊಬ್ಬ ಮೇಷ್ಟ್ರು: ನಾನು ಎಣಿಕೆ ಇಡ್ತೀನಿ. ಎರಡು ಕಾರಣ ಬರೆದರೆ ಮಧ್ಯಮ, ನಾಲ್ಕು ಬರೆದರೆ ಅತ್ಯುತ್ತಮ. ಜಗಳವೇ ಇಲ್ಲ.

ಹಿರಿಯ ಶಿಕ್ಷಕಿ: ನಾನೂ ಒಂದು ವರ್ಷ ಹಾಗೇ ಮಾಡಿದೆ. ಮಕ್ಕಳು ಸುಮ್ನೆ ನಾಲ್ಕು ಕಾರಣ ತುಂಬಿಸಿದರು, ಒಂದಕ್ಕೂ ಅಳತೆಯ ಆಧಾರ ಇರಲಿಲ್ಲ.

ಕೊನೆಗೆ ಅಂಕದ ತೂಕ. ಕಲಿಕಾ ಫಲ ಇರೋದು ಅಳೆದು ಲೆಕ್ಕ ಹಾಕೋದು, ತೀರ್ಮಾನಕ್ಕೆ ಬರೋದು. ನಿಮ್ಮಲ್ಲಿ ಅದಕ್ಕೆ 20ರಲ್ಲಿ 2. ನಾವು ಅಳತೆ ಮತ್ತು ದಾಖಲೆಗೆ 7, ಲೆಕ್ಕಕ್ಕೆ 4, ತೀರ್ಮಾನಕ್ಕೆ 6, ಓದಿದರೆ ಅರ್ಥವಾಗುವ ಬರಹಕ್ಕೆ 3 ಇಟ್ಟೆವು. ಅದೇ ಎರಡು ವರದಿ ಮತ್ತೆ ತಿದ್ದಿದಾಗ ಹುಡುಗನಿಗೆ 15, ನಕಲು ಮಾಡಿದವಳಿಗೆ 6. ಇನ್ನೊಂದು ವಿಷಯ ಇದೆ. ಅಳತೆಗೆ 7 ಇಟ್ಟು ಎಲ್ಲರಿಗೂ 5 ಕೊಟ್ಟರೆ ಆ 7 ಕಾಗದದ ಮೇಲಷ್ಟೇ. ಮಕ್ಕಳ ನಡುವೆ ವ್ಯತ್ಯಾಸ ಉಳಿದ ಸಾಲುಗಳಿಂದಲೇ ಬರುತ್ತೆ. ಅದಕ್ಕೆ ತಿದ್ದಿದ ಮೇಲೆ ಪ್ರತಿ ಕಾಲಂನಲ್ಲಿ ಅತಿ ಕಡಿಮೆ, ಅತಿ ಜಾಸ್ತಿ ಎಷ್ಟು ಬಂತು ಅಂತ ನೋಡಿ.

ಕೇಳಿದವರು: ನನ್ನ ಹಳೆಯ ವರದಿಗಳಲ್ಲಿ ಎಂಟನ್ನು ಈಗಷ್ಟೇ ನೋಡಿದೆ. ವಿಷಯ ತಿಳಿವಳಿಕೆಗೆ ಎಂಟಕ್ಕೂ 3 ಕೊಟ್ಟಿದ್ದೇನೆ! ಒಂದು ಉಳಿದಿದೆ ಮೇಡಂ. ಬರಹಕ್ಕೆ 3 ಅಂದಿರಲ್ಲ, ಕಾಗುಣಿತದ ತಪ್ಪಿಗೆ ಅದರಲ್ಲಿ ಅಂಕ ಕಳೀತೀರಾ?

ಹಿರಿಯ ಶಿಕ್ಷಕಿ: ನಾನು ಕಳೆಯಲ್ಲ. ನಮ್ಮ ಕನ್ನಡ ಮೇಡಂ ಕಳೆಯಲೇಬೇಕು ಅಂತಾರೆ. ಎರಡು ವರ್ಷದಿಂದ ಇದೇ ಚರ್ಚೆ ನಡೀತಿದೆ.