ಸಹಾಯ ಬೇಕು: ಪ್ರಶ್ನೆ ಕೇಳುವ ಕಲೆಯ ತರಬೇತಿ, ಎರಡನೇ ಪ್ರಶ್ನೆಯಲ್ಲೇ ನಿಂತುಹೋಗುತ್ತಿದೆ

ನಮಸ್ಕಾರ. ನಮ್ಮ ಕ್ಲಸ್ಟರ್‌ನ ಪ್ರಾಥಮಿಕ ಶಾಲೆ ಶಿಕ್ಷಕರಿಗೆ 90 ನಿಮಿಷದ ತರಬೇತಿ ಯೋಜಿಸುತ್ತಿದ್ದೇನೆ. ಕಳೆದ ಸಲ ಪಾಠದಿಂದ 'ಯಾಕೆ, ಹೇಗೆ' ಪ್ರಶ್ನೆ ಬರೆಸಿದೆ, ಎಲ್ಲರೂ ಚೆನ್ನಾಗೇ ಬರೆದರು. ಆದರೆ ಅಣಕು ತರಗತಿಯಲ್ಲಿ ಒಬ್ಬ ಶಿಕ್ಷಕರು 'ಒದ್ದೆ ಬಟ್ಟೆ ಯಾಕೆ ಒಣಗುತ್ತೆ?' ಅಂದಾಗ 'ಆವಿಯಾಗುತ್ತೆ' ಅಂತ ಉತ್ತರ ಬಂತು, 'ವೆರಿ ಗುಡ್' ಅಂತ ಮುಂದೆ ಹೋದರು. ಆವಿ ಅನ್ನೋದು ಕಂಠಪಾಠದ ಉತ್ತರ, ಅಲ್ವಾ? 'ಹಾಗಾದ್ರೆ ಮಳೆಗಾಲದಲ್ಲಿ ಅದೇ ಬಟ್ಟೆ ಯಾಕೆ ಬೇಗ ಒಣಗಲ್ಲ?' ಅಂತ ಕೇಳಿದ್ದರೆ ಯೋಚನೆ ಅಲ್ಲಿಂದ ಶುರುವಾಗುತ್ತಿತ್ತು. ಪ್ರಶ್ನೆ ಕೇಳಿ ಮೂರು ಸೆಕೆಂಡ್ ಕಾಯಿರಿ ಅಂತಲೂ ಹೇಳಿ ನೋಡಿದೆ. ಕಾಯುತ್ತಾರೆ, ಆದರೆ ಉತ್ತರ ಬಂದ ತಕ್ಷಣ ಮಾತು ಮುಗಿಯುತ್ತೆ. ಮಗು ಏನು ಹೇಳುತ್ತೋ ಮೊದಲೇ ಗೊತ್ತಿರಲ್ಲ, ಹಾಗಾಗಿ ಈ ಎರಡನೇ ಪ್ರಶ್ನೆಯನ್ನು ಬರೆದುಕೊಂಡು ಬರೋಕೂ ಆಗಲ್ಲ.

ಮಗುವಿನ ಉತ್ತರ ಹಿಡಿದು ಅಲ್ಲೇ ಮುಂದಿನ ಪ್ರಶ್ನೆ ಕಟ್ಟುವುದನ್ನು 30 ನಿಮಿಷದಲ್ಲಿ ಅಭ್ಯಾಸ ಮಾಡಿಸಲು ಯಾವ ಚಟುವಟಿಕೆ ನಿಮಗೆ ಕೆಲಸ ಮಾಡಿದೆ?